ಪಬ್ಲಿಷ್ ಒತ್ತುವ ಮುಂಚೆ ನಾಲ್ಕು ಸಲ ಓದಿ

ವೆಬ್‌ಸೈಟ್ ತಾನೇ ತಯಾರಿಸಿಕೊಡೋ ಎಐ ಬಿಲ್ಡರ್‌ಗಳು ಈಗ ಫೋನಿನಲ್ಲೇ ಸಿಗುತ್ತವೆ. ವ್ಯಾಪಾರದ ಹೆಸರು, ಊರು, ನಾಲ್ಕು ಸಾಲು ವಿವರ ಕೊಟ್ಟರೆ ಸಾಕು. ಚಹಾ ಆರೋದರೊಳಗೆ ಮುಖಪುಟ, ಫೋಟೊ, ಮೆನು, ವಿಚಾರಣೆ ಫಾರ್ಮ್ ಎಲ್ಲ ಇರುವ ಸೈಟ್ ಕಣ್ಣ ಮುಂದೆ ನಿಂತಿರುತ್ತೆ. ಮೊದಲ ಕರಡಿಗೆ ಇದನ್ನ ಬಳಸಿ ಅಂತ ನಾನೂ ಹೇಳ್ತೀನಿ. ಯಾವ ಭಾಗ ಮೇಲಿರಬೇಕು, ಬಟನ್ ಎಲ್ಲಿರಬೇಕು ಅನ್ನೋ ತಲೆನೋವು ಅರ್ಧ ಕಡಿಮೆಯಾಗುತ್ತೆ.

ಆದರೆ ಈ ಬಿಲ್ಡರ್‌ಗಳಿಗೆ ಒಂದು ಗುಣ ಇದೆ. ಗೊತ್ತಿಲ್ಲದ ಜಾಗವನ್ನ ಅವು ಖಾಲಿ ಬಿಡೋದಿಲ್ಲ. ಹೋಮ್‌ಸ್ಟೇ ಸೈಟ್ ಅಂದ್ಮೇಲೆ ಅತಿಥಿಗಳ ಅಭಿಪ್ರಾಯ ಇರುತ್ತೆ, ಪಿಕಪ್ ಇರುತ್ತೆ, ಇಂಥ ಇಸವಿಯಿಂದ ಸೇವೆ ಅನ್ನೋ ಸಾಲು ಇರುತ್ತೆ. ನಿಮ್ಮ ಹೋಮ್‌ಸ್ಟೇಗೂ ಅವೆಲ್ಲ ಇರಬಹುದು ಅಂದುಕೊಂಡು ಬರೆದುಬಿಡುತ್ತವೆ. ನೋಡೋಕೆ ಎಲ್ಲಾ ಸರಿಯಾಗೇ ಕಾಣೋದರಿಂದ ತಪ್ಪು ಕಣ್ಣಿಗೆ ಬೀಳೋದಿಲ್ಲ.

ಹೊಸಪೇಟೆಯಲ್ಲಿ ನಮ್ಮ ಚಿಕ್ಕಪ್ಪನ ಮೂರು ಕೋಣೆಯ ಹೋಮ್‌ಸ್ಟೇಗೆ ಇತ್ತೀಚೆಗೆ ಹೀಗೇ ಒಂದು ಕರಡು ತೆಗೆದೆವು. ನಾವು ಕೊಟ್ಟ ಮಾಹಿತಿ ಇಷ್ಟೇ: ಮೂರು ಕೋಣೆ, ಮನೆ ಊಟ, ಹಂಪಿ ಸುಮಾರು 13 ಕಿ.ಮೀ., ಸಂಡೂರು ಮತ್ತು ಕಂಪ್ಲಿಗೂ ಹೋಗಿಬರಬಹುದು. ಬಂದ ಸೈಟ್ ಚೆನ್ನಾಗೇ ಇತ್ತು. ಚಿಕ್ಕಪ್ಪ ಕನ್ನಡಕ ಏರಿಸಿಕೊಂಡು ನೋಡಿ, "ಚಂದ ಐತಿ ತಮ್ಮಾ. ಆದ್ರ ಈ ಈಜುಕೊಳ ಎಲ್ಲೈತಿ? ನಂಗೂ ತೋರ್ಸು" ಅಂದ್ರು. ಆಮೇಲೆ ಅದನ್ನ ನಾಲ್ಕು ಸಲ, ಪ್ರತಿ ಸಲ ಒಂದೊಂದೇ ವಿಷಯ ಹುಡುಕ್ತಾ ಓದಿದೆವು. ಎಲ್ಲವನ್ನೂ ಒಂದೇ ಸಲ ನೋಡೋಕೆ ಹೋದರೆ ಕಣ್ಣು ಬಣ್ಣ, ಫೋಟೊಗಳ ಮೇಲೇ ಓಡಾಡುತ್ತೆ.

ಮೊದಲ ಓದು: ಮನೆಯ ಬಗ್ಗೆ ಹೇಳಿದ ಮಾತು

ಸೈಟಿನ ಅಷ್ಟೂ ಬರಹವನ್ನ ಕಾಪಿ ಮಾಡಿ ಒಂದು ಡಾಕ್ಯುಮೆಂಟ್‌ಗೆ ಹಾಕಿ. ವಿನ್ಯಾಸ ಕಳಚಿಬಿದ್ದಾಗ ಮಾತು ಮಾತ್ರ ಉಳಿಯುತ್ತೆ. ಪ್ರತಿ ಸಾಲಿನ ಪಕ್ಕ ಮೂರರಲ್ಲಿ ಒಂದು ಗುರುತು ಹಾಕಿ: ನಾವೇ ಕೊಟ್ಟಿದ್ದು, ಕೊಟ್ಟಿಲ್ಲ ಆದರೆ ನಿಜ, ಕೊಟ್ಟೂ ಇಲ್ಲ ನಿಜವೂ ಅಲ್ಲ. ಗುರುತನ್ನ ಹಾಕಬೇಕಾದವರು ಸೈಟ್ ಮಾಡಿದವರಲ್ಲ, ಮನೆ ನಡೆಸುವವರು.

ನಮ್ಮ ಕರಡಿನಲ್ಲಿ ಮೂರನೇ ಗುರುತಿಗೆ ಬಿದ್ದವು ಇವು: ಈಜುಕೊಳ, ಉಚಿತ ಪಿಕಪ್, 24 ಗಂಟೆ ಬಿಸಿನೀರು, 4.9 ಸ್ಟಾರ್ ರೇಟಿಂಗ್, ಮತ್ತೆ ನಾಲ್ಕು ಜನ ಅತಿಥಿಗಳ ಹೊಗಳಿಕೆ. ಆ ನಾಲ್ಕೂ ಜನ ಯಾವತ್ತೂ ನಮ್ಮನೆಗೆ ಬಂದವರಲ್ಲ, ಹುಟ್ಟಿದವರೂ ಅಲ್ಲ. ಇದನ್ನ ತಮಾಷೆ ಅಂತ ಬಿಡೋ ಹಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವೆಬ್‌ಸೈಟಿನ ಪ್ರಚಾರವೂ ಜಾಹೀರಾತೇ. ದಾರಿ ತಪ್ಪಿಸುವ ಜಾಹೀರಾತಿಗೆ "ಎಐ ಬರೆದಿದ್ದು" ಅನ್ನೋದು ಉತ್ತರವಾಗೋದಿಲ್ಲ. ರಾತ್ರಿ ರೈಲಿಳಿದ ಅತಿಥಿ "ಉಚಿತ ಪಿಕಪ್ ಎಲ್ಲಿ" ಅಂತ ಫೋನ್ ಮಾಡಿದಾಗ ಎತ್ತೋರೂ ಚಿಕ್ಕಪ್ಪನೇ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೇಟಿಂಗನ್ನ ಪುಟದಿಂದ ಅಳಿಸಿದರೂ ಅದು ಕೋಡ್‌ನಲ್ಲಿ ಉಳಿದಿರಬಹುದು. ಸರ್ಚ್ ಎಂಜಿನ್ ಓದಲಿ ಅಂತ ಕೆಲವು ಬಿಲ್ಡರ್‌ಗಳು ಅದೇ ಅಂಕಿಯನ್ನ ಕಾಣದ ಭಾಗದಲ್ಲೂ ಬರೆದಿರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಪುಟ ತೆರೆದು Ctrl+U ಒತ್ತಿ, ಬರುವ ಕೋಡ್‌ನಲ್ಲಿ ಇವನ್ನ ಹುಡುಕಿ:

```
ratingValue
lorem
example.com
noindex
```

ಮೊದಲನೆಯದು ಸಿಕ್ಕರೆ ಸುಳ್ಳು ರೇಟಿಂಗ್ ಇನ್ನೂ ಒಳಗಿದೆ ಅಂತ. ನಂತರದ ಎರಡು ಸಿಕ್ಕರೆ ಮಾದರಿ ಬರಹವೋ ಮಾದರಿ ವಿಳಾಸವೋ ಉಳಿದಿದೆ. ಕೊನೆಯದು ಕರಡು ಇರುವಾಗ ಇರಬೇಕಾದದ್ದೇ, ಸರ್ಚ್‌ನಲ್ಲಿ ತೋರಿಸಬೇಡ ಅನ್ನೋ ಸೂಚನೆ ಅದು. ಪಬ್ಲಿಷ್ ಆದ ಮೇಲೂ ಇದ್ದರೆ ಗೂಗಲ್‌ನಲ್ಲಿ ನಿಮ್ಮ ಸೈಟ್ ಸಿಗೋದಿಲ್ಲ.

ಎರಡನೇ ಓದು: ಊರಿನ ಬಗ್ಗೆ ಹೇಳಿದ ಮಾತು

ಹೆಚ್ಚು ಕೆಲಸ ಇದ್ದದ್ದು ಇಲ್ಲೇ. ಬಿಲ್ಡರ್ ಕಲಿತಿರೋದು ಹಳೇ ಬರಹಗಳಿಂದ, ನಮ್ಮ ಕಡೆ ಮಾತ್ರ ನಕ್ಷೆಯೇ ಬದಲಾಗಿದೆ. ಕರಡು ಹಂಪಿಯನ್ನ ಬಳ್ಳಾರಿ ಜಿಲ್ಲೆ ಅಂತ ಬರೆದಿತ್ತು. 2021ರಲ್ಲಿ ವಿಜಯನಗರ ಜಿಲ್ಲೆ ಆದಮೇಲೆ ಹೊಸಪೇಟೆ, ಹಂಪಿ ಅದಕ್ಕೆ ಸೇರಿವೆ. ಅದನ್ನ ತಿದ್ದಿ ಅಂತ ಹೇಳಿದ್ದಕ್ಕೆ ಸಂಡೂರು, ಕಂಪ್ಲಿಯನ್ನೂ ವಿಜಯನಗರಕ್ಕೆ ಸೇರಿಸಿಬಿಟ್ಟಿತು. ಅವೆರಡೂ ಬಳ್ಳಾರಿಯಲ್ಲೇ ಇವೆ. ಒಂದು ಕಡೆ ತಿದ್ದಿಸಿದರೆ ಇಡೀ ಪುಟ ಮತ್ತೆ ಓದಬೇಕು ಅನ್ನೋದಕ್ಕೆ ಇದೇ ಉದಾಹರಣೆ.

"ಹಂಪಿ ರೈಲು ನಿಲ್ದಾಣದಿಂದ ಪಿಕಪ್" ಅಂತಲೂ ಇತ್ತು. ಹಂಪಿಯಲ್ಲಿ ರೈಲು ನಿಲ್ದಾಣ ಇಲ್ಲ, ಇಳಿಯಬೇಕಾದ್ದು ಹೊಸಪೇಟೆಯಲ್ಲಿ. ವಿಠ್ಠಲ ದೇವಸ್ಥಾನದ ಬಾಗಿಲ ತನಕ ಕಾರು ಹೋಗುತ್ತೆ ಅಂದಿತ್ತು. ಕಾರು ಸುಮಾರು ಒಂದು ಕಿ.ಮೀ. ಮುಂಚೆಯೇ ನಿಲ್ಲಬೇಕು, ಅಲ್ಲಿಂದ ಬ್ಯಾಟರಿ ಗಾಡಿ ಅಥವಾ ನಡಿಗೆ. ವಯಸ್ಸಾದ ತಾಯಿಯನ್ನ ಕರ್ಕೊಂಡು ಬರೋರಿಗೆ ಈ ಒಂದು ಸಾಲು ಇಡೀ ದಿನದ ಲೆಕ್ಕ ಬದಲಿಸುತ್ತೆ. "ಸಂಗೀತದ ಕಂಬಗಳನ್ನು ತಟ್ಟಿ ನಾದ ಕೇಳಿ" ಅನ್ನೋ ಆಹ್ವಾನವೂ ಇತ್ತು. ಕಂಬ ತಟ್ಟೋದು ನಿಷಿದ್ಧ. ಅದನ್ನ ಓದಿಕೊಂಡು ಬಂದವರು ಕಾವಲುಗಾರರ ಹತ್ತಿರ ಬೈಸಿಕೊಳ್ಳೋದು ನಮ್ಮ ಸೈಟ್ ನಂಬಿದ್ದಕ್ಕೆ.

ದೂರದ ಲೆಕ್ಕದಲ್ಲಿ ನದಿಯನ್ನ ಮರೀಬೇಡಿ. ಹಂಪಿಯಿಂದ ವಿರೂಪಾಪುರಗಡ್ಡೆ ಕಣ್ಣಿಗೆ ಕಾಣುತ್ತೆ, ಹಾಗಾಗಿ ಕರಡಿನಲ್ಲಿ "5 ನಿಮಿಷ" ಅಂತ ಬಂದಿತ್ತು. ನಡುವೆ ಇರೋದು ತುಂಗಭದ್ರೆ. ಜಲಾಶಯದಿಂದ ನೀರು ಜಾಸ್ತಿ ಬಿಟ್ಟಾಗ ದೋಣಿ ನಿಲ್ಲುತ್ತೆ, ಆಗ ರಸ್ತೆಯಲ್ಲಿ ದೂರದ ಸುತ್ತು. ಊರೂರಿನ ನಡುವಿನ ದೂರವನ್ನ ಮ್ಯಾಪ್‌ನಲ್ಲಿ ವಾಹನದ ದಾರಿ ಹಾಕಿಯೇ ನೋಡಿ, ಮನೆಯವರನ್ನೂ ಒಂದು ಮಾತು ಕೇಳಿ.

ಸಂಡೂರಿನ ಭಾಗದಲ್ಲಿ "ಜಿಐ ಮಾನ್ಯತೆಯ ಲಂಬಾಣಿ ಕಸೂತಿ ನಮ್ಮಲ್ಲಿ ಲಭ್ಯ" ಅಂತಿತ್ತು. ಸಂಡೂರು ಲಂಬಾಣಿ ಕಸೂತಿಗೆ ಜಿಐ ನೋಂದಣಿ ಇರೋದು ನಿಜ. ಚಿಕ್ಕಪ್ಪನ ಮನೇಲಿರೋದು ಮಾತ್ರ ಎರಡು ದಿಂಬಿನ ಹೊದಿಕೆ, ಅದೂ ಮಾರಾಟಕ್ಕಲ್ಲ. ಜಿಐ ಹೆಸರಲ್ಲಿ ತಯಾರಿಸಿ ಮಾರೋರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಒಂದು ನಿಜವನ್ನ ಸುಳ್ಳಿನ ಜೊತೆ ಹೊಲಿದ ಇಂಥ ಸಾಲುಗಳೇ ಹಿಡಿಯೋಕೆ ಕಷ್ಟ.

ಫೋಟೊಗಳದ್ದೂ ಇದೇ ಕಥೆ. ಎಐ ಬಿಡಿಸಿದ ಕಲ್ಲಿನ ರಥದ ಮುಂದೆ ಕುದುರೆ ನಿಂತಿತ್ತು. ವಿಠ್ಠಲ ದೇವಸ್ಥಾನದ ಅಂಗಳದಲ್ಲಿ ಈಗ ರಥದ ಮುಂದೆ ಇರೋದು ಆನೆಗಳು. ಅದನ್ನ ತೆಗೆದು, ಮನೆಯ ಕೋಣೆ, ಬಚ್ಚಲು, ಊಟದ ಜಾಗ, ಗೇಟು ಇವುಗಳ ನಿಜವಾದ ಫೋಟೊ ಹಗಲು ಬೆಳಕಲ್ಲಿ ಫೋನಿನಲ್ಲೇ ತೆಗೆದು ಹಾಕಿದೆವು. ಬುಕ್ ಮಾಡೋರು ನೋಡಬೇಕಾದ್ದು ತಾವು ಮಲಗೋ ಕೋಣೆಯನ್ನ.

ಮೂರನೇ ಓದು: ಕನ್ನಡ

ಕನ್ನಡ ಪುಟವನ್ನ ಗಟ್ಟಿಯಾಗಿ ಓದಿ. ನಮ್ಮದರಲ್ಲಿ ಮೆನುವಿನ ಮೊದಲ ಬಟನ್ "ಮನೆ" ಅಂತಿತ್ತು, ಹೋಮ್‌ಸ್ಟೇ ಸೈಟಿನಲ್ಲಿ ಅದನ್ನ ಒತ್ತಿದವರು ಮನೆಯ ಫೋಟೊ ಹುಡುಕ್ತಾರೆ. ಬುಕಿಂಗ್ ಬಟನ್ "ಈಗ ಪುಸ್ತಕ" ಆಗಿತ್ತು. "ಮುಖಪುಟ", "ಕೋಣೆ ಬುಕ್ ಮಾಡಿ" ಅಂತ ಬದಲಿಸಿದೆವು. ಜನ ಬಾಯಲ್ಲಿ ಹೇಳೋ ಮಾತೇ ಬಟನ್‌ಗೂ ಸರಿ.

ಆಮೇಲೆ ಅಕ್ಷರ ನೋಡಿ. ಬಿಲ್ಡರ್‌ಗಳ ದೊಡ್ಡ ಶೀರ್ಷಿಕೆಗಳನ್ನ ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಅಳೆದಿರ್ತಾರೆ, ಸಾಲುಗಳು ಹತ್ತಿರ ಇರ್ತವೆ. ಕನ್ನಡದ ಒತ್ತಕ್ಷರ ಕೆಳಗಿಳಿಯೋದರಿಂದ "ವಿಠ್ಠಲ", "ಕಂಪ್ಲಿ" ಇಂಥ ಪದಗಳ ಬುಡ ಕೆಳಗಿನ ಸಾಲಿಗೆ ತಾಗುತ್ತೆ ಅಥವಾ ಕತ್ತರಿಸಿ ಹೋಗುತ್ತೆ. ಸೆಟ್ಟಿಂಗ್‌ನಲ್ಲಿ ಸಾಲಿನ ಅಂತರ, ಅಂದ್ರೆ line-height, 1.1 ಇದ್ದರೆ 1.5ಕ್ಕೆ ಏರಿಸಿ ನೋಡಿ. ಪುಟದ ಭಾಷೆ ಕನ್ನಡ ಅಂತ ಗುರುತು ಇದೆಯಾ ಅನ್ನೋದನ್ನೂ ಕೋಡ್‌ನಲ್ಲಿ ಖಚಿತಪಡಿಸಿಕೊಳ್ಳಿ:

```html
<html lang="kn">
```

ಇಲ್ಲಿ en ಅಂತಿದ್ದರೆ ದೃಷ್ಟಿದೋಷ ಇರುವವರ ಫೋನು ಕನ್ನಡ ಪುಟವನ್ನ ಇಂಗ್ಲಿಷ್ ದನಿಯಲ್ಲಿ ಓದೋಕೆ ಹೋಗುತ್ತೆ.

ನಾಲ್ಕನೇ ಓದು: ಬೆರಳಿನಿಂದ

ಕೊನೆಯ ಸಲ ಓದಬೇಡಿ, ಒತ್ತಿ. ಸೈಟ್ ಮಾಡಿದ ಫೋನು ಬಿಟ್ಟು ಬೇರೆಯವರ ಫೋನಲ್ಲಿ, ವೈಫೈ ಆಫ್ ಮಾಡಿ. ಕರೆ ಬಟನ್ ಒತ್ತಿದರೆ ಯಾರ ಫೋನ್ ರಿಂಗಾಗುತ್ತೆ? ಪುಟದಲ್ಲಿ ಕಾಣೋ ನಂಬರ್ ತಿದ್ದಿದ್ದರೂ ಬಟನ್ ಒಳಗೆ ಮಾದರಿ ನಂಬರೇ ಇರಬಹುದು. ವಾಟ್ಸಾಪ್ ಕೊಂಡಿಯಲ್ಲಿ ದೇಶದ ಕೋಡ್ ಸೇರಿರಬೇಕು, ಮುಂದೆ ಪ್ಲಸ್ಸೂ ಸೊನ್ನೆಯೂ ಇರಬಾರದು:

```
https://wa.me/91XXXXXXXXXX
```

ವಿಚಾರಣೆ ಫಾರ್ಮ್ ತುಂಬಿ ಕಳಿಸಿ. "ಧನ್ಯವಾದ, ನಿಮ್ಮ ಸಂದೇಶ ತಲುಪಿದೆ" ಅಂತ ಬಂದ ಮಾತ್ರಕ್ಕೆ ನಂಬಬೇಡಿ. ನಮ್ಮ ಫಾರ್ಮ್ ಸೈಟ್‌ಗೆ ಖಾತೆ ತೆರೆದ ಇಮೇಲ್‌ಗೆ ಹೋಗ್ತಿತ್ತು, ಅದನ್ನ ಚಿಕ್ಕಪ್ಪ ತೆರೆಯೋದೇ ಇಲ್ಲ. ಪಬ್ಲಿಷ್ ಮಾಡಿ ಮರೆತಿದ್ದರೆ ಸೀಸನ್ ಪೂರ್ತಿ ವಿಚಾರಣೆಗಳು ಅಲ್ಲೇ ಕೂತಿರ್ತಿದ್ವು, "ಸೈಟ್‌ನಿಂದ ಒಂದು ಫೋನೂ ಬರ್ಲಿಲ್ಲ" ಅಂತ ಅವರು ಬೇಜಾರಾಗಿರ್ತಿದ್ರು. ಅವರು ದಿನಾ ನೋಡೋ ವಿಳಾಸಕ್ಕೆ ಬದಲಿಸಿ, ಸ್ಪ್ಯಾಮ್ ಫೋಲ್ಡರನ್ನೂ ನೋಡಿ, ಎರಡನೇ ಸಲ ಕಳಿಸಿ ಖಾತ್ರಿ ಮಾಡಿಕೊಂಡೆವು.

ಮ್ಯಾಪಿನ ಪಿನ್ ಕೂಡ ಒತ್ತಬೇಕು. ನಮ್ಮದು ಹೊಸಪೇಟೆಯ ನಡುಮಧ್ಯಕ್ಕೆ ಬಿದ್ದಿತ್ತು, ಮನೆಯ ಗೇಟಿಗಲ್ಲ. ಗೇಟಿನ ಮುಂದೆ ನಿಂತು ಪಿನ್ ಹಾಕೋದು ಸುಲಭ. ಕೆಳಗಿರೋ ಫೇಸ್‌ಬುಕ್, ಇನ್‌ಸ್ಟಾ ಚಿತ್ರಗಳು ನಿಮ್ಮ ಪುಟಕ್ಕೆ ಹೋಗದಿದ್ದರೆ ತೆಗೆದುಹಾಕಿ. ಕೊಂಡಿಯನ್ನ ಯಾರಿಗಾದರೂ ವಾಟ್ಸಾಪ್‌ನಲ್ಲಿ ಕಳಿಸಿ ನೋಡಿ, ಜೊತೆಗೆ ಬರೋ ಚಿಕ್ಕ ಚಿತ್ರ ಮತ್ತು ಶೀರ್ಷಿಕೆಯಲ್ಲಿ ಆ ಕುದುರೆ ರಥ ಇನ್ನೂ ಕೂತಿರಬಹುದು.

ಕರಡು ಬರೋಕೆ ಐದು ನಿಮಿಷ ಹಿಡಿದರೆ ಈ ನಾಲ್ಕು ಓದಿಗೆ ಎರಡು ಸಂಜೆ ಹಿಡಿಯಿತು. ಅದರಲ್ಲಿ ಸಿಕ್ಕ ಖಚಿತ ಮಾಹಿತಿಯನ್ನೆಲ್ಲ ಒಂದೇ ಪುಟದಲ್ಲಿ ಬರೆದು ಇಟ್ಟುಕೊಂಡಿದ್ದೇವೆ: ಕೋಣೆ, ದರ, ನಂಬರ್, ದೂರ, ಏನಿದೆ, ಏನಿಲ್ಲ. "ಏನಿಲ್ಲ" ಅನ್ನೋ ಕಾಲಂ ಮುಖ್ಯ. ಮುಂದೆ ಬಿಲ್ಡರ್‌ನಿಂದ ಹೊಸ ಪುಟ ಬರೆಸುವಾಗ ಈಜುಕೊಳ ಇಲ್ಲ, ಪಿಕಪ್ ಇಲ್ಲ ಅಂತ ಮೊದಲೇ ಹೇಳಬಹುದು. ತಿದ್ದಿ ಮುಗಿಸಿದ ಪುಟದ ಮೇಲೆ ಮಾತ್ರ Regenerate ಒತ್ತಲೇಬೇಡಿ. ಒತ್ತಿದಿರೋ, ಆ ನಾಲ್ಕು ಜನ ಅತಿಥಿಗಳು ಹೊಸ ಹೆಸರಲ್ಲಿ ಮತ್ತೆ ಬಂದು ಕೂತಿರ್ತಾರೆ.