ಮೊದಲ ಸಂಬಳದಿಂದಲೇ

(ಹತ್ತಿಮತ್ತೂರಿನಲ್ಲಿ ಹೊಸ ಶಿಕ್ಷಕಿಯರ ಮುಂದೆ ಆಡಿದ ಮಾತು)



ಬಡ್ಡಿ ಹರಾಮ್ ಎಂದು ನಮ್ಮಲ್ಲಿ ಹಲವರು ಹಣ ಬೆಳೆಸುವ ಯೋಚನೆಯನ್ನೇ ಕೈಬಿಡುತ್ತಾರೆ. ಬಡ್ಡಿಯಿಲ್ಲದ ದಾರಿಯೂ ಇದೆ. ಟಾಟಾ ಎಥಿಕಲ್ ಫಂಡ್‌ನಂಥ ಮ್ಯೂಚುವಲ್ ಫಂಡ್‌ಗಳು ಬ್ಯಾಂಕು, ಮದ್ಯದ ಕಂಪೆನಿಗಳನ್ನು ಬಿಟ್ಟು ಶರೀಅತ್ ಒಪ್ಪುವ ಕಂಪೆನಿಗಳ ಶೇರು ಕೊಳ್ಳುತ್ತವೆ. ಲಾಭಕ್ಕೂ ನಷ್ಟಕ್ಕೂ ನಾವು ಪಾಲುದಾರರು.

25ನೇ ವಯಸ್ಸಿನಿಂದ ತಿಂಗಳಿಗೆ 500 ರೂಪಾಯಿ ಹಾಕಿದರೆ 55ಕ್ಕೆ ನೀವು ಕಟ್ಟಿದ್ದು 1.8 ಲಕ್ಷ. ವರ್ಷಕ್ಕೆ ಸರಾಸರಿ ಶೇ. 10 ಬೆಳೆಯಿತು ಎಂದುಕೊಳ್ಳಿ, ಅದು ಸುಮಾರು 11 ಲಕ್ಷವಾಗುತ್ತದೆ. 35ಕ್ಕೆ ಆರಂಭಿಸಿದವಳಿಗೆ 4 ಲಕ್ಷವೂ ಆಗದು. ಲಾಭದ ಮೇಲೆ ಲಾಭ ಕೂಡಲು ಅವಳಿಗೆ ಹತ್ತು ವರ್ಷ ಕಡಿಮೆಯಾಯಿತು. ಈ ಶೇ. 10 ಲೆಕ್ಕಕ್ಕೆ ಹಿಡಿದದ್ದು, ಖಾತರಿಯಲ್ಲ. ಕೆಲವು ವರ್ಷ ಇಳಿಯುವುದೂ ಉಂಟು. ಆದ್ದರಿಂದ ಮದುವೆಗೆ, ಆಸ್ಪತ್ರೆಗೆ ಎಂದು ಎತ್ತಿಟ್ಟ ಹಣವನ್ನು ಇಲ್ಲಿ ಹಾಕಬೇಡಿ.

‘ಹಲಾಲ್’ ಎಂಬ ಮಾತಿಗೇ ಮರುಳಾಗಲೂ ಬೇಡಿ. ಬೆಂಗಳೂರಿನ ಐಎಂಎ ಹಾಗೆಂದೇ ತಿಂಗಳು ತಿಂಗಳೂ ‘ಲಾಭ’ ಹಂಚುತ್ತಿತ್ತು. 2019ರ ಜೂನ್‌ನಲ್ಲಿ ಅದು ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಹಣ ಮುಳುಗಿತು. ಒಂದು ತಿಂಗಳೂ ನಷ್ಟ ಕಾಣದ ವ್ಯಾಪಾರವಿದ್ದರೆ, ಹಣ ಎಲ್ಲಿಂದ ಬರುತ್ತಿದೆ ಎಂದು ಕೇಳಿ. ಸೆಬಿಯಲ್ಲಿ ನೋಂದಣಿ ಇದೆಯೇ ಎಂದು ನೋಡಿ. ಆಮೇಲೆ ಮುಂದಿನ ಸಂಬಳದಿಂದಲೇ ಬಿಸ್ಮಿಲ್ಲಾ ಎಂದು ಆರಂಭಿಸಿ.