ಕಿಟಕಿ ಸಾಲಿನ ದೀಪಗಳು

ತಿರುವನಂತಪುರದ ತಂಪಾನೂರಿನಲ್ಲಾಗಲಿ, ಕಳಕ್ಕೂಟ್ಟಂನ ಟೆಕ್ನೋಪಾರ್ಕಿನಲ್ಲಾಗಲಿ ಕಚೇರಿಗೆಂದು ಒಂದು ತೆರೆದ ಮಹಡಿ ಸಜ್ಜಾಗುವಾಗ ಟೆಂಡರಿನಲ್ಲಿ ‘ಡಾಲಿ ಡಿಮ್ಮಿಂಗ್’ ಎಂದು ಬರೆದರೆ ಹಗಲು ಬೆಳಕಿನ ಉಳಿತಾಯ ಕೈಗೆ ಬಂದಂತೆಯೇ ಎಂದು ನಂಬುವವರಿದ್ದಾರೆ. ಅದು ತಪ್ಪು. ಮೊದಲು ನಕ್ಷೆಯ ಮೇಲೆ ವಲಯದ ಗೆರೆ ಎಳೆಯಬೇಕು.

ಕಿಟಕಿಯ ಮೇಲಂಚು ನೆಲದಿಂದ 2.7 ಮೀಟರ್ ಎತ್ತರದಲ್ಲಿದೆ ಎನ್ನಿ. ಗಾಜಿನಿಂದ ಒಳಕ್ಕೆ ಅಷ್ಟೇ ದೂರ ಮೊದಲ ವಲಯ, ಅಲ್ಲಿಂದ ಮತ್ತಷ್ಟೇ ದೂರ ಎರಡನೆಯದು. ಪೂರ್ವ, ಪಶ್ಚಿಮ ಎರಡೂ ಕಡೆ ಕಿಟಕಿಯಿರುವ 18 ಮೀಟರ್ ಅಗಲದ ಮಹಡಿಯಲ್ಲಿ ನಡುವಿನ ಸುಮಾರು 7 ಮೀಟರ್ ಪಟ್ಟಿಗೆ ಹಗಲು ಬೆಳಕನ್ನು ನೆಚ್ಚುವಂತಿಲ್ಲ. ಅಲ್ಲಿ ಸೆನ್ಸರಿಗೆ ಖರ್ಚು ಮಾಡುವುದೂ ದಂಡ. ಪೂರ್ವದ ಸಾಲನ್ನೂ ಪಶ್ಚಿಮದ ಸಾಲನ್ನೂ ಒಂದೇ ಗುಂಪಿಗೆ ಸೇರಿಸಬಾರದು. ಉತ್ತರದ ಬೆಳಕು ವರ್ಷವಿಡೀ ಒಂದೇ ಸಮನಾಗಿರುತ್ತದೆ ಎಂಬ ಪಠ್ಯಪುಸ್ತಕದ ಮಾತೂ ಇಲ್ಲಿ ನಡೆಯದು. 8.5 ಡಿಗ್ರಿ ಅಕ್ಷಾಂಶದ ಈ ಊರಿನಲ್ಲಿ ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆಗ ಉತ್ತರದ ಗಾಜಿಗೂ ಪರದೆ ಬೀಳುತ್ತದೆ.

ಪರದೆ ಬಿದ್ದಾಗಲೇ ಸೆನ್ಸರಿನ ಪರೀಕ್ಷೆ. ಗಾಜಿನತ್ತ ಮುಖ ಮಾಡಿ, ಪರದೆಯ ಹೊರಗೆ ಕೂತ ಸೆನ್ಸರಿಗೆ ಬಿಸಿಲೇ ಕಾಣುತ್ತಿರುತ್ತದೆ. ಒಳಗೆ ಮೇಜುಗಳು ಮಬ್ಬಾಗಿದ್ದರೂ ದೀಪ ಏರದು. ಚಾವಣಿಯಿಂದ ಮೇಜಿನತ್ತ ನೋಡುವ ಸೆನ್ಸರ್ ಈ ಮೋಸಕ್ಕೆ ಬೀಳುವುದಿಲ್ಲ.

ಇನ್ನು ಪ್ರೋಟೋಕಾಲ್. 0–10 ವೋಲ್ಟ್ ಅಗ್ಗ, ಸರಳ. ಆದರೆ ಅಲ್ಲಿ ತಂತಿ ಹೋದದ್ದೇ ವಲಯ. ಗುತ್ತಿಗೆದಾರ ಕಿಟಕಿಗೆ ಅಡ್ಡಲಾಗಿ ತಂತಿ ಎಳೆದುಬಿಟ್ಟರೆ ಕಿಟಕಿ ಪಕ್ಕದ ದೀಪವೂ ನಡುವಿನ ದೀಪವೂ ಒಟ್ಟಿಗೇ ಇಳಿಯುತ್ತವೆ, ಸರಿಪಡಿಸಲು ಚಾವಣಿ ಬಿಚ್ಚಬೇಕು. ಡಾಲಿಯಲ್ಲಿ ಒಂದು ಜೋಡಿ ತಂತಿಗೆ 64 ಡ್ರೈವರ್‌ವರೆಗೆ, ಪ್ರತಿಯೊಂದಕ್ಕೂ ಬೇರೆ ವಿಳಾಸ. ಗುಂಪುಗಳನ್ನು ಆಮೇಲೆ ಸಾಫ್ಟ್‌ವೇರಿನಲ್ಲೇ ಬದಲಿಸಬಹುದು. ಬಾಡಿಗೆದಾರರೂ ಮೇಜುಗಳೂ ಬದಲಾಗುತ್ತಲೇ ಇರುವ ಐಟಿ ಕಟ್ಟಡಕ್ಕೆ ಡಾಲಿಯೇ ಸರಿ ಎಂಬುದು ನಮ್ಮ ಅಭಿಪ್ರಾಯ. ಆಸನ ಕದಲದ ಸಣ್ಣ ಕಚೇರಿಗೆ 0–10 ವೋಲ್ಟ್ ಸಾಕು, ಕಿಟಕಿಗೆ ಸಮಾನಾಂತರವಾಗಿ ತಂತಿ ಎಳೆಸಿದರೆ.

ಡಾಲಿಗೆ ಹಣ ಕೊಟ್ಟೂ ವಿಳಾಸ ಹಾಕಿಸದೆ, ಎಲ್ಲ ದೀಪಕ್ಕೂ ಒಂದೇ ಆಜ್ಞೆ ಹೋಗುವ ‘ಬ್ರಾಡ್‌ಕಾಸ್ಟ್’ ಸ್ಥಿತಿಯಲ್ಲೇ ಬಿಟ್ಟಿರುವುದೂ ಉಂಟು. ಪತ್ತೆಗೆ ಯಂತ್ರ ಬೇಡ. ಮಧ್ಯಾಹ್ನ ಏಣಿ ಹತ್ತಿ ಕಿಟಕಿ ಸಾಲಿನ ಒಂದು ಸೆನ್ಸರನ್ನು ಅಂಗೈಯಿಂದ ಮುಚ್ಚಿ, ಒಂದೆರಡು ನಿಮಿಷ ಕಾಯಿರಿ. ಆ ಸಾಲು ಮಾತ್ರ ಬೆಳಗಿದರೆ ಸರಿ. ಇಡೀ ಮಹಡಿ ಬೆಳಗಿದರೆ ಗುಂಪು ಮಾಡಿಯೇ ಇಲ್ಲ ಎಂದರ್ಥ.

ಮೇಜು, ಪರದೆ ಎಲ್ಲ ಬಂದ ಮೇಲೆ, ಲಕ್ಸ್ ಮೀಟರನ್ನು ಮೇಜಿನ ಮೇಲಿಟ್ಟು ರಾತ್ರಿ ಒಮ್ಮೆ, ಹಗಲು ಒಮ್ಮೆ ಹೊಂದಿಸಬೇಕು. ಫೆಬ್ರುವರಿಯ ಬಿಸಿಲಲ್ಲಿ ಹೊಂದಿಸಿದ್ದು ಜೂನಿನ ಮೋಡದಲ್ಲಿ ಪದೇಪದೇ ಏರಿಳಿಯಬಹುದು. ಆಗ ಸೆನ್ಸರಿನ ವಿಳಂಬವನ್ನು ಕೆಲವು ನಿಮಿಷ ಹೆಚ್ಚಿಸಬೇಕಾಗುತ್ತದೆ. ಗುತ್ತಿಗೆದಾರನ ಕೊನೆಯ ಕಂತನ್ನು ಮಳೆಗಾಲದ ಅಳತೆ ಮುಗಿಯುವವರೆಗೆ ತಡೆಹಿಡಿಯುವ ಷರತ್ತು ಟೆಂಡರಿನಲ್ಲೇ ಇರಲಿ.