ಗೋಥೆನ್‌ಬರ್ಗ್ ದಿನಗಳು: ತುಪ್ಪಕ್ಕೆ ಗಡಿಯಾರ ಬೇಡ

ಹಿಂದೊಂದು ಪೋಸ್ಟ್‌ನಲ್ಲಿ ‘ಬೆಣ್ಣೆಯನ್ನು 20 ನಿಮಿಷ ಕಾಯಿಸಿ, ತುಪ್ಪ ರೆಡಿ’ ಅಂತ ಬರೆದಿದ್ದೆ. ಅದನ್ನು ನಂಬಿದ ಇಬ್ಬರು ಸ್ನೇಹಿತರ ತುಪ್ಪ ಸೀದುಹೋಯಿತು. ಹೋದ ವಾರ ನೈಟ್ ಡ್ಯೂಟಿ ಮುಗಿಸಿ ಬಂದು ಕಾಯಿಸಿದ ನನ್ನದೂ ಅದೇ ಕಥೆ. ತಪ್ಪು ನನ್ನದೇ. ತುಪ್ಪಕ್ಕೆ ನಿಮಿಷದ ಲೆಕ್ಕ ಕೊಡಲೇಬಾರದು ಅನ್ನೋದು ಈಗ ನನ್ನ ಅಭಿಪ್ರಾಯ.

ಯಾಕೆ ಅಂದ್ರೆ, 500 ಗ್ರಾಂ ಬೆಣ್ಣೆಯಲ್ಲಿ ಸುಮಾರು 80 ಗ್ರಾಂ ನೀರೇ ಇರುತ್ತೆ. ಆ ನೀರು ಇರುವಷ್ಟು ಹೊತ್ತು ಶಾಖ 100 ಡಿಗ್ರಿಯ ಆಸುಪಾಸಲ್ಲೇ ನಿಂತಿರುತ್ತೆ, ಏನೂ ಸೀಯಲ್ಲ. ನೀರು ಹೋದ ಮೇಲೆ ಶಾಖ ಸರ್ರನೆ ಏರುತ್ತೆ. ಆ ಘಳಿಗೆ ಪಾತ್ರೆ, ಉರಿ, ಬೆಣ್ಣೆಯ ಪ್ರಮಾಣ ನೋಡಿಕೊಂಡು ಬರುತ್ತೆ. ಗಡಿಯಾರಕ್ಕೆ ಅದು ಗೊತ್ತಾಗಲ್ಲ, ಕಿವಿಗೆ ಗೊತ್ತಾಗುತ್ತೆ. ಮೊದಲು ಜೋರಾಗಿ ಚಟಪಟ ಅನ್ನೋ ಬೆಣ್ಣೆ ನಿಧಾನಕ್ಕೆ ಮೆತ್ತಗಾಗಿ, ಕೊನೆಗೆ ಬರೀ ಸಣ್ಣ ನೊರೆ ಉಳಿಯುತ್ತೆ. ಒಲೆ ಮೇಲಿನ ಫ್ಯಾನ್ ಹಾಕಿಕೊಂಡಿದ್ದೆ, ನನಗೆ ಆ ಸದ್ದು ನಿಂತಿದ್ದೇ ಕೇಳಿಸಲಿಲ್ಲ. ಕೊನೆಯಲ್ಲಿ ಫ್ಯಾನ್ ಆರಿಸಿ, ಕಿಟಕಿ ತೆಗೆದುಕೊಳ್ಳಿ.

ಎರಡನೇ ತಪ್ಪು ಬಣ್ಣದ್ದು. ಹಾಸನದ ನಮ್ಮನೆಯಲ್ಲಿ ಎಮ್ಮೆ ತುಪ್ಪ ಬೆಳ್ಳಗಿರುತ್ತಿತ್ತು. ಇಲ್ಲಿನ ಹಸುವಿನ ಬೆಣ್ಣೆ ಮೊದಲೇ ಹಳದಿ. ಫೋನಲ್ಲಿ ಅಮ್ಮನಿಗೆ ಹೇಳಿದರೆ, ‘ಮೇಲೆ ನೋಡ್ಬೇಡ ಕಣವ್ವ, ತಳ ನೋಡು’ ಅಂದರು. ನೋಡಬೇಕಾದ್ದು ಗಸಿಯ ಬಣ್ಣ. ಕಪ್ಪು ನಾನ್‌ಸ್ಟಿಕ್ ಪಾತ್ರೆಯಲ್ಲಿ ಅದು ಕಾಣಲ್ಲ, ತಳ ದಪ್ಪ ಇರುವ ಸ್ಟೀಲ್ ಪಾತ್ರೆ ತಗೊಳ್ಳಿ. ಸಣ್ಣ ಉರಿಯಲ್ಲಿ ಚಮಚದಿಂದ ನೊರೆ ಸರಿಸಿ ನೋಡುತ್ತಿರಿ. ಗಸಿ ಉಪ್ಪಿಟ್ಟಿಗೆ ಹುರಿದ ರವೆಯ ಬಣ್ಣಕ್ಕೆ ಬಂದಾಗಲೇ ನಿಲ್ಲಿಸಿ. ಇನ್ನೂ ಸ್ವಲ್ಪ ಬೇಕು ಅನ್ನಿಸಿದಾಗ ನಿಲ್ಲಿಸೋದೇ ಸರಿ.

ಇಲ್ಲಿನ ಗಾಜಿನ ಎಲೆಕ್ಟ್ರಿಕ್ ಒಲೆ ಸ್ವಿಚ್ ಆರಿಸಿದರೂ ಬಿಸಿ ಬಿಡಲ್ಲ. ಊರಿನ ಗ್ಯಾಸ್ ತರ ಅಲ್ಲ. ಅದಕ್ಕೆ ಪಾತ್ರೆಯನ್ನು ಒಲೆಯಿಂದ ಪಕ್ಕಕ್ಕೆ ಇಳಿಸಲೇಬೇಕು. ಇಳಿಸಿದ ಮೇಲೂ ಗಸಿ ಆ ಬಿಸಿಯಲ್ಲೇ ಇನ್ನೊಂದು ಹಂತ ಕೆಂಪಾಗಿ ಬಿಸ್ಕತ್ತಿನ ಬಣ್ಣಕ್ಕೆ ಬರುತ್ತೆ. ಎರಡು ಮೂರು ನಿಮಿಷ ಬಿಟ್ಟು, ಒಣಗಿದ ಸ್ಟೀಲ್ ಪಾತ್ರೆಗೆ ಸೋಸಿ. ಬೇಗ ನಿಲ್ಲಿಸಬೇಕು ಅಂತ ಚಟಪಟ ನಿಲ್ಲುವ ಮೊದಲೇ ಇಳಿಸಿದರೆ ಮಾತ್ರ ನೀರು ಉಳಿದು ತುಪ್ಪ ಬೇಗ ಕೆಡುತ್ತೆ.

ಅಂದಹಾಗೆ ‘ಓಸಾಲ್ಟಟ್’, ಅಂದ್ರೆ ಉಪ್ಪಿಲ್ಲದ ಬೆಣ್ಣೆಯನ್ನೇ ತನ್ನಿ. ಉಪ್ಪಿನ ಬೆಣ್ಣೆಯಾದರೆ ಉಪ್ಪೆಲ್ಲ ಗಸಿಗೆ ಇಳಿದು, ಅದು ಬಾಯಿಗಿಡೋಕೆ ಆಗಲ್ಲ.

ಸೀದ ತುಪ್ಪಕ್ಕೆ ವೀಳ್ಯದೆಲೆ, ಕರಿಬೇವು ಹಾಕಿದರೆ ಸರಿಹೋಗುತ್ತಾ ಅಂತ ಕೇಳ್ತೀರಿ. ಘಮ ಬರುತ್ತೆ, ಕಹಿ ಹೋಗಲ್ಲ. ಅನುಮಾನ ಇದ್ದರೆ ಗಸಿಯನ್ನೇ ಚೂರು ಬಾಯಿಗೆ ಹಾಕಿಕೊಳ್ಳಿ. ನಾವು ಚಿಕ್ಕವರಿದ್ದಾಗ ಅದಕ್ಕೆ ಸಕ್ಕರೆ ಕಲಸಿ ಜಗಳ ಆಡಿ ತಿಂತಿದ್ದೆವು. ಹಾಗೆ ತಿನ್ನೋ ಹಾಗಿದ್ದರೆ ತುಪ್ಪ ಸರಿಯಾಗಿದೆ. ಕಹಿ ಇದ್ದರೆ, ಇನ್ನೊಂದು ಪ್ಯಾಕೆಟ್ ಬೆಣ್ಣೆ ತರಲು ಚೀಲ ಹಿಡಿದು ಹೊರಡಿ!